ಒಂದು ಪಟ್ಟಿ ಸರಿದರೆ ಸಾಕು

ಸೌಟು, ಲಟ್ಟಣಿಗೆ ಹಿಡಿಯುವವಳಿಗೆ ಟೆನಿಸ್ ರಾಕೆಟ್ಟಿನ ಉಸಾಬರಿ ಏಕೆ ಎಂದು ನಗಬೇಡಿ. ಮಗಳನ್ನು ಆಟಕ್ಕೆ ಸೇರಿಸಿ, ಕೋರ್ಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಒಂದೂವರೆ ವರ್ಷ ಕೂತವಳು ನಾನು. ಕೈ ಸೊಪ್ಪು ಬಿಡಿಸುತ್ತಿದ್ದರೂ ಕಣ್ಣು ಕಿವಿ ಅತ್ತಲೇ ಇರುತ್ತವಲ್ಲ! ಹಾಗೆ ಕೂತು ಕಂಡುಕೊಂಡ ಒಂದೇ ಒಂದು ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ. ನಿಮ್ಮ ಮನೆಯ ಮಗುವೂ ರಾಕೆಟ್ ಹಿಡಿದಿದ್ದರೆ ಉಪಯೋಗಕ್ಕೆ ಬಂದೀತು.

ರಾಕೆಟ್ಟಿನ ಹಿಡಿಯನ್ನು ಸರಿಯಾಗಿ ನೋಡಿದ್ದೀರಾ? ಅದು ಸೌಟಿನ ಹಿಡಿಯ ಹಾಗೆ ದುಂಡಗಿಲ್ಲ. ಎಂಟು ಪಟ್ಟಿಗಳಿವೆ. ತಂತಿಯ ಮುಖ ಎಡಬಲಕ್ಕೆ ಇರುವಂತೆ ರಾಕೆಟ್ಟನ್ನು ನಿಲ್ಲಿಸಿ ಹಿಡಿದರೆ, ಮೇಲೆ ಕಾಣುವುದು ಒಂದನೆಯ ಪಟ್ಟಿ. ಅಲ್ಲಿಂದ ಬಲಕ್ಕೆ ಎಣಿಸುತ್ತಾ ಹೋಗಿ. ಮೂರನೆಯದು ನೇರ ಬಲಗಡೆಗೆ ಬರುತ್ತದೆ, ನಾಲ್ಕನೆಯದು ಅದರ ಕೆಳಗೆ ಓರೆಯಾಗಿರುತ್ತದೆ. ಬಲಗೈ ಆಟಗಾರರ ತೋರುಬೆರಳಿನ ಬುಡದ ಗಂಟು ಮೂರನೆಯ ಪಟ್ಟಿಯ ಮೇಲೆ ಕೂತರೆ ಅದು ಈಸ್ಟರ್ನ್ ಹಿಡಿತ. ಯಾರಿಗೋ ಕೈಕುಲುಕಿದ ಹಾಗಿರುತ್ತದೆ. ನಾಲ್ಕನೆಯದರ ಮೇಲೆ ಕೂತರೆ ಸೆಮಿ-ವೆಸ್ಟರ್ನ್. ಅಂಗೈ ಸ್ವಲ್ಪ ಹಿಡಿಯ ಅಡಿಗೆ ಹೋಗುತ್ತದೆ. ಒಂದೇ ಒಂದು ಪಟ್ಟಿಯ ವ್ಯತ್ಯಾಸ!

ನಮ್ಮ ಚಿಕ್ಕವಳು ಮೊದಲು ಕಲಿತದ್ದು ಈಸ್ಟರ್ನ್. ಹಸಿರು ಚುಕ್ಕೆಯ ಚೆಂಡಿನಲ್ಲಿ ಚೆನ್ನಾಗಿಯೇ ಆಡುತ್ತಿದ್ದಳು. ಅದು ದೊಡ್ಡವರ ಹಳದಿ ಚೆಂಡಿಗಿಂತ ಸುಮಾರು ಶೇಕಡ 25ರಷ್ಟು ನಿಧಾನ, ಪುಟಿಯುವುದೂ ಕಡಿಮೆ. ಹನ್ನೊಂದು ತುಂಬಿದ ಮೇಲೆ ಹಳದಿ ಚೆಂಡು ಕೊಟ್ಟರು ನೋಡಿ, ಅಲ್ಲಿಂದ ಶುರುವಾಯಿತು ಗೋಳು. ಹೊಡೆದ 20 ಚೆಂಡಿನಲ್ಲಿ ಹನ್ನೆರಡು ಹದಿಮೂರು ಹಿಂದಿನ ಗೆರೆ ದಾಟಿ ಆಚೆ ಬೀಳುತ್ತಿದ್ದವು. ಸಂಜೆ ಮಣಿಕಟ್ಟು ನೋವೆಂದು ಕೈ ಹಿಡಿದುಕೊಂಡು ಕೂರುತ್ತಿದ್ದಳು. ಒಂದು ದಿನ ರಾಕೆಟ್ಟನ್ನು ಬೀರುವಿನ ಹಿಂದೆ ತುರುಕಿ, “ನನ್ನ ಕೈಲಿ ಆಗಲ್ಲಮ್ಮಾ, ಇನ್ನು ಹೋಗಲ್ಲ” ಎಂದಳು. ನಮ್ಮ ಮನೆಯವರು “ಬಿಡಿಸಿಬಿಡೋಣ, ಓದಾದರೂ ಓದಲಿ” ಅಂದರು.

ಮಾರನೆಯ ದಿನ ನಾನೇ ಹೋಗಿ ಮೇಷ್ಟ್ರನ್ನು ಕೇಳಿದೆ. ಅವರು ಒಂದು ಲೆಕ್ಕ ಹೇಳಿದರು. “ನೋಡೀಮ್ಮಾ, ಪಂದ್ಯದ ಚೆಂಡನ್ನು 100 ಅಂಗುಲ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ 53ರಿಂದ 58 ಅಂಗುಲ ಪುಟಿಯಬೇಕು ಅಂತ ನಿಯಮ ಇದೆ. ನಿಮ್ಮ ಹುಡುಗಿ ಎಷ್ಟು ಎತ್ತರ?” ನಾಲ್ಕೂವರೆ ಅಡಿ, ಅಂದರೆ 54 ಅಂಗುಲ. ಎತ್ತರಕ್ಕೆ ಹೋಗಿ ಬಿದ್ದ ಚೆಂಡು ಅವಳ ನೆತ್ತಿಯವರೆಗೂ ಏಳುತ್ತದೆ! ಸೊಂಟದ ಮಟ್ಟದಲ್ಲಿ ಹೊಡೆದು ಅಭ್ಯಾಸವಾದ ಕೈಗೆ ಈಗ ಭುಜದ ಮಟ್ಟದ ಚೆಂಡು ಬರುತ್ತಿತ್ತು.

ಅದಕ್ಕೂ ಹಿಡಿತಕ್ಕೂ ಏನು ಸಂಬಂಧ ಅಂತೀರಾ? ಮನೆಯಲ್ಲಿರುವ ಷಟ್ಲ್ ಬ್ಯಾಟನ್ನೇ ತೆಗೆದುಕೊಂಡು ನೋಡಿ. ಕೈಕುಲುಕುವ ಹಾಗೆ ಹಿಡಿದು, ಮಣಿಕಟ್ಟನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಸೊಂಟದ ಎತ್ತರದಲ್ಲಿ ತಂತಿಯ ಮುಖ ನೇರ ಎದುರು ಗೋಡೆ ನೋಡುವಂತೆ ಮುಂದಕ್ಕೆ ಚಾಚಿ. ಈಗ ಮಣಿಕಟ್ಟು ತಿರುಗಿಸದೆ ತೋಳನ್ನಷ್ಟೇ ಭುಜದ ಮಟ್ಟಕ್ಕೆ ಎತ್ತಿ. ಮುಖ ಮೆಲ್ಲಗೆ ಸೂರಿನತ್ತ ವಾಲುತ್ತದೆ. ಮುಖ ಮೇಲೆ ನೋಡಿದರೆ ಚೆಂಡೂ ಮೇಲಕ್ಕೇ ಹೋಗಿ ಗೆರೆಯಾಚೆ ಬೀಳುತ್ತದೆ. ಅದನ್ನು ತಡೆಯಲು ಮಗು ಪ್ರತಿ ಸಲ ಮಣಿಕಟ್ಟನ್ನು ತಿರುಚುತ್ತದೆ. ನಮ್ಮವಳ ನೋವಿನ ಮೂಲ ಇದೇ ಎಂದರು ಮೇಷ್ಟ್ರು.

ಇನ್ನು ಅಂಗೈಯನ್ನು ಒಂದು ಪಟ್ಟಿಯಷ್ಟು ಅಡಿಗೆ ಸರಿಸಿ ಹಿಡಿಯಿರಿ. ಸೊಂಟದ ಮಟ್ಟದಲ್ಲಿ ಮುಖ ಸ್ವಲ್ಪ ನೆಲ ನೋಡುತ್ತದೆ, ಎದೆ-ಭುಜದ ಮಟ್ಟಕ್ಕೆ ಎತ್ತಿದಾಗ ತಾನಾಗಿ ನೇರವಾಗುತ್ತದೆ. ಅಂದರೆ ಈಸ್ಟರ್ನ್‌ಗೆ ಸೊಂಟದ ಮಟ್ಟ ಹಿತ, ಸೆಮಿ-ವೆಸ್ಟರ್ನ್‌ಗೆ ಸೊಂಟದಿಂದ ಮೇಲೆ ಭುಜದವರೆಗೆ ಹಿತ. ಚೆಂಡನ್ನು ಮುಟ್ಟುವುದು ಮಾತ್ರ ಮೈಯಿಂದ ಇನ್ನೂ ಒಂದಿಷ್ಟು ಮುಂದೆಯೇ ಆಗಬೇಕು. ಪಕ್ಕಕ್ಕೆ ಬರುವವರೆಗೆ ಕಾದರೆ ಕೆಟ್ಟಿತು.

ಮೇಷ್ಟ್ರು ಹಿಡಿತ ಬದಲಾಯಿಸಿದರು. ಮೊದಲ ವಾರ ಏನಾಯಿತು ಗೊತ್ತೇ? ಆಚೆ ಹೋಗುತ್ತಿದ್ದ ಚೆಂಡೆಲ್ಲ ಈಗ ನೆಟ್ಟಿಗೆ! ಮಗು ಅತ್ತೇ ಬಿಟ್ಟಿತು. ಕಾರಣ ಸರಳ. ಮುಖ ತುಸು ಕೆಳಗೆ ನೋಡುತ್ತಿರುವಾಗ ಮೊದಲಿನ ಹಾಗೆ ನೇರ ಮುಂದಕ್ಕೆ ಬೀಸಿದರೆ ಚೆಂಡು ಕೆಳಕ್ಕೇ ಹೋಗಬೇಕಲ್ಲ. ಹಿಡಿತವೊಂದೇ ಟಾಪ್‌ಸ್ಪಿನ್ ಹುಟ್ಟಿಸುವುದಿಲ್ಲ. ರಾಕೆಟ್ಟಿನ ತಲೆಯನ್ನು ಚೆಂಡಿಗಿಂತ ಕೆಳಗೆ ಇಳಿಸಿ, ಅಲ್ಲಿಂದ ಮೇಲಕ್ಕೆ ಬೀಸುತ್ತಾ ಹೊಡೆಯಬೇಕು. ಆಗ ತಂತಿಗಳು ಚೆಂಡಿನ ಬೆನ್ನನ್ನು ಕೆಳಗಿನಿಂದ ಮೇಲಕ್ಕೆ ಉಜ್ಜುತ್ತವೆ, ಚೆಂಡು ಮುಂದಕ್ಕೆ ಉರುಳುವ ಹಾಗೆ ತಿರುಗುತ್ತಾ ಹೋಗುತ್ತದೆ. ಹಾಗೆ ತಿರುಗುವ ಚೆಂಡನ್ನು ಗಾಳಿ ಕೆಳಕ್ಕೆ ಒತ್ತುತ್ತದೆ. ನೆಟ್ಟಿನ ನಡುವಿನ ಎತ್ತರ 3 ಅಡಿ. ಅದರ ಮೇಲೆ ಇನ್ನೂ ಮೂರು ನಾಲ್ಕು ಅಡಿ ಎತ್ತರದಲ್ಲಿ ಹೋದರೂ ಅದು ಗೆರೆಯೊಳಗೇ ಬಾಗಿ ಇಳಿಯುತ್ತದೆ, ಬಿದ್ದ ಮೇಲೆ ಎತ್ತರಕ್ಕೆ ಜಿಗಿಯುತ್ತದೆ.

ಈಸ್ಟರ್ನ್‌ನಲ್ಲೂ ಟಾಪ್‌ಸ್ಪಿನ್ ಬರುತ್ತದೆ. ಆದರೆ ಅಷ್ಟು ಕಡಿದಾಗಿ ಮೇಲಕ್ಕೆ ಬೀಸಿದರೆ ಮುಖ ತೆರೆದುಕೊಂಡು ಚೆಂಡು ತಪ್ಪಿಹೋಗುವ ಭಯ. ಸೆಮಿ-ವೆಸ್ಟರ್ನ್‌ನಲ್ಲಿ ಮುಖ ಮುಚ್ಚಿಕೊಂಡೇ ಇರುವುದರಿಂದ ಧೈರ್ಯವಾಗಿ ಮೇಲಕ್ಕೆ ಬೀಸಬಹುದು. ನಮ್ಮವಳಿಗೆ ಇದು ಕೈಗೆ ಹತ್ತಲು ಆರು ವಾರ ಹಿಡಿಯಿತು. ಈಗ 20ರಲ್ಲಿ ಆಚೆ ಹೋಗುವುದು ನಾಲ್ಕೋ ಐದೋ. ಮಣಿಕಟ್ಟಿನ ದೂರೂ ಇಲ್ಲ.

ಹಾಗೆಂದು ಈಸ್ಟರ್ನ್ ಹಳೆಯ ಸರಕು ಎಂದುಕೊಳ್ಳಬೇಡಿ. ಮೊಣಕಾಲಿನ ಕೆಳಗೆ ಬರುವ ಚೆಂಡಿಗೆ ಅದೇ ವಾಸಿ. ಸೆಮಿ-ವೆಸ್ಟರ್ನ್‌ನಲ್ಲಿ ಅಂಥ ಚೆಂಡನ್ನು ಎತ್ತಬೇಕಾದರೆ ಮಂಡಿ ಚೆನ್ನಾಗಿ ಬಗ್ಗಿಸಿ, ಕೆಳಗಿನಿಂದ ಮೇಲಕ್ಕೆ ಎಳೆಯಲೇಬೇಕು. ನಿಂತಲ್ಲೇ ಕೈಚಾಚಿದರೆ ನೆಟ್ಟಿಗೇ. ನೆಟ್ಟಿನ ಹತ್ತಿರ ಓಡಿ ಚೆಂಡು ನೆಲ ಮುಟ್ಟುವ ಮುಂಚೆ ಹೊಡೆಯಲು ಬೆರಳ ಗಂಟು ಎರಡನೆಯ ಪಟ್ಟಿಗೆ ಬರಬೇಕು. ಮೂರರಿಂದ ಎರಡಕ್ಕೆ ಒಂದೇ ಹೆಜ್ಜೆ, ನಾಲ್ಕರಿಂದ ಎರಡು ಹೆಜ್ಜೆ. ಚೆಂಡು ತಗ್ಗಾಗಿ ಜಾರುವ ವಿಂಬಲ್ಡನ್ ಹುಲ್ಲಿನ ಮೇಲೆ ಸ್ಟೆಫಿ ಗ್ರಾಫ್ 7 ಸಲ ಗೆದ್ದದ್ದು ಈಸ್ಟರ್ನ್ ಹಿಡಿತದಲ್ಲೇ. ಪ್ಯಾರಿಸ್ಸಿನ ಕೆಂಪು ಮಣ್ಣಿನ ಮೇಲೆ ಚೆಂಡನ್ನು ಎದುರಾಳಿಯ ಭುಜಕ್ಕೆ ಜಿಗಿಸಿ ರಾಫೆಲ್ ನಡಾಲ್ 14 ಸಲ ಗೆದ್ದದ್ದು ಸೆಮಿ-ವೆಸ್ಟರ್ನ್ ಕಡೆಯ ಹಿಡಿತದಲ್ಲಿ. ಗ್ರಾಫ್ ಅದೇ ಮಣ್ಣಿನ ಮೇಲೂ 6 ಸಲ ಗೆದ್ದರು ಎನ್ನಿ. ಆದರೆ ಚೆಂಡಿಗೆ ತಕ್ಕ ಜಾಗಕ್ಕೆ ಓಡಿ ನಿಲ್ಲುವ ಅವರ ಕಾಲು ಎಲ್ಲ ಮಕ್ಕಳಿಗೂ ಇರುತ್ತದೆಯೇ?

ನಿಮ್ಮ ಮಗು ಆಡುವುದನ್ನು ನೀವೂ ಎರಡು ಮೂರು ದಿನ ಕೂತು ನೋಡಿ. ಎತ್ತರದ ಚೆಂಡು ಮಾತ್ರ ಆಚೆ ಹೋಗಿ, ಸೊಂಟದ ಮಟ್ಟದ್ದು ಸರಿಯಾಗಿ ಬಿದ್ದರೆ ಹಿಡಿತದ ಬಗ್ಗೆ ಮೇಷ್ಟ್ರನ್ನು ಕೇಳಿ. ತಗ್ಗಿನ ಚೆಂಡು ಮಾತ್ರ ನೆಟ್ಟಿಗೆ ಹೋದರೆ ಅಂಗೈ ತೀರಾ ಅಡಿಗೆ ಸರಿದಿದೆಯೋ, ಮಂಡಿ ಬಗ್ಗುತ್ತಿಲ್ಲವೋ ಎಂದು ಗಮನಿಸಿ. ಎಲ್ಲ ಮಟ್ಟದ ಚೆಂಡೂ ತಪ್ಪುತ್ತಿದ್ದರೆ ಹಿಡಿತವನ್ನು ಹಾಗೇ ಬಿಡಿ, ಕಾಲು ಚೆಂಡಿನ ಹತ್ತಿರ ತಲುಪುತ್ತಿದೆಯೇ ನೋಡಿ. ಬದಲಾಯಿಸುವುದೇ ಆದರೆ ಪಂದ್ಯದ ಹಿಂದುಮುಂದಿನ ವಾರ ಬೇಡ, ಬೇಸಿಗೆ ರಜೆಗೆ ಇಟ್ಟುಕೊಳ್ಳಿ. ಚೆಂಡೆಲ್ಲ ನೆಟ್ಟಿಗೆ ಹೋಗುವ ಆ ಮೊದಲ ವಾರ ಮಾತ್ರ ಮಗುವನ್ನು ಗದರಬೇಡಿ.