ದನಿ ಒಡೆದ ವರ್ಷ

ಪುಣೆಯಲ್ಲಿ ಸಂಗೀತ ಕಲಿಸುವ ಹೆಣ್ಣುಮಕ್ಕಳನ್ನು ಶಿಷ್ಯರು 'ತಾಈ' ಎನ್ನುತ್ತಾರೆ. ಮರಾಠಿಯಲ್ಲಿ ಅಕ್ಕ ಎಂದು ಅರ್ಥ. ಧಾರವಾಡದಿಂದ ಬಂದ ನನ್ನ ಅವ್ವನಿಗೆ ಮಾತ್ರ ಅದು 'ತಾಯಿ' ಎಂದೇ ಕೇಳಿಸಿತು. "ಅವರಿಗೆ ತಾಯಿ ಅಂತಾನಲ್ಲವಾ, ಹಂಗಾರ ನೀ ಯಾರು?" ಎಂದು ನನ್ನನ್ನು ಕೇಳಿ ನಕ್ಕಿದ್ದಳು. ಆಗ ನಾನೂ ನಕ್ಕಿದ್ದೆ. ಮುಂದೊಂದು ದಿನ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವೇ ಇಲ್ಲದಂತಾಯಿತು.

ಮಗ 2016ರಲ್ಲಿ ಅವರ ಬಳಿ ಹೋದಾಗ ಅವನಿಗೆ ಆರು ವರ್ಷ. ವಾರಕ್ಕೆರಡು ಸಂಜೆ ಪಾಠ. ಮೊದಲ ವರ್ಷವಿಡೀ ಅಲಂಕಾರ, ಭೂಪ, ಆಮೇಲೆ ಯಮನ್. ಹನ್ನೆರಡಾಗುವಷ್ಟರಲ್ಲಿ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪ್ರವೇಶಿಕಾ ಪೂರ್ಣ ಪರೀಕ್ಷೆ ಪಾಸಾಗಿದ್ದ. ಅವನ ಶ್ರುತಿ 'ಕಾಳಿ ಚಾರ್'. ಅಂದರೆ ಹಾರ್ಮೋನಿಯಂನ ಕರಿ ಮನೆಗಳಲ್ಲಿ ನಾಲ್ಕನೆಯದು ಅವನ ಷಡ್ಜ. ತಾರ ಷಡ್ಜಕ್ಕೆ ಏರಿದರೆ ಗಂಟೆ ಹೊಡೆದ ಹಾಗೆ ನಿಲ್ಲುತ್ತಿತ್ತು. ನಮ್ಮ ಕನ್ನಡ ಬಳಗದ ಕಾರ್ಯಕ್ರಮಗಳಲ್ಲಿ ದಾಸರ ಪದಕ್ಕೆ ಅವನೇ ಬೇಕು ಎನ್ನುವಂತಾಗಿತ್ತು. ಅದರಿಂದ ಅವನಿಗಿಂತ ಹೆಚ್ಚು ಬೀಗಿದವಳು ನಾನು.

2022ರ ಅಕ್ಟೋಬರಿನಲ್ಲಿ ತಾಈ ನನ್ನನ್ನು ಪಕ್ಕಕ್ಕೆ ಕರೆದರು. "ಧೈವತ, ನಿಷಾದದ ಹತ್ತಿರ ಗಾಳಿ ಸೋರುತ್ತಿದೆ. ಬೆಳಿಗ್ಗೆ ದನಿ ಕರಕರ ಅನ್ನುತ್ತದೆಯಾ?" ಎಂದರು. ಹೌದು, ಅನ್ನುತ್ತಿತ್ತು. ಶೀತ ಎಂದುಕೊಂಡು ಅರಿಶಿನದ ಹಾಲು ಕೊಡುತ್ತಿದ್ದೆ. "ಶೀತ ಅಲ್ಲ, ದನಿ ಒಡೆಯುತ್ತಿದೆ. ನವೆಂಬರಿನ ಹಾಡಿಗೆ ಶ್ರುತಿ ಇಳಿಸೋಣ. ಮೇಲಿನ ಷಡ್ಜ ಮುಟ್ಟದ ಬೇರೆ ಪದ ಆರಿಸಿ." ನಾನು ಒಪ್ಪಲಿಲ್ಲ. ಹಾರ್ಮೋನಿಯಂ, ತಬಲಾದವರ ಜೊತೆ ತಾಲೀಮು ಮುಗಿದಿತ್ತು. ಒಂದೇ ಒಂದು ಹಾಡು, ಆಮೇಲೆ ವಿಶ್ರಾಂತಿ ಕೊಡೋಣ ಎಂದೆ.

ರಾಜ್ಯೋತ್ಸವದ ದಿನ ಎರಡನೇ ಚರಣದಲ್ಲಿ ಅವನು ತಾರ ಷಡ್ಜಕ್ಕೆ ಏರಿದ. ದನಿ ಎರಡಾಗಿ ಸೀಳಿತು, ಒಂದು ಚೂರು ಮೇಲೆ, ಒಂದು ಕೆಳಗೆ. ಮುಂದಿನ ಸಾಲಿನಲ್ಲಿ ಯಾರೋ ಹುಡುಗ ಕಿಸಕ್ಕನೆ ನಕ್ಕ. ಮಗ ಉಳಿದದ್ದನ್ನು ಕೆಳಗಿನ ಸ್ವರಗಳಲ್ಲೇ ಹೇಗೋ ಮುಗಿಸಿ ಇಳಿದು ಬಂದ. ಕಾರಿನಲ್ಲಿ, "ನಿನಗೆ ಗೊತ್ತಿತ್ತಲ್ಲಮ್ಮ" ಎಂದ. ಅಷ್ಟೇ. ಎರಡು ವಾರ ಮನೆಯಲ್ಲಿ ಒಂದು ಸ್ವರ ಕೇಳಲಿಲ್ಲ.

ದನಿ ಕೂಡುವವರೆಗೆ ಪಾಠ ನಿಲ್ಲಿಸೋಣವೇ ಎಂದು ತಾಈಯನ್ನು ಕೇಳಿದೆ. ಜೊತೆಗೇ ಮಧ್ಯಮಾ ಪ್ರಥಮ ಪರೀಕ್ಷೆಯ ಅರ್ಜಿ ತುಂಬುವುದು ಯಾವಾಗ ಎಂದೂ ಕೇಳಿದೆ! ಅವರು ಬೈಯಲಿಲ್ಲ. "ಪರೀಕ್ಷೆ ಈಗ ಬೇಡ. ಪಾಠ ಮಾತ್ರ ಬಿಡಿಸಬೇಡಿ. ಗಂಡುಮಕ್ಕಳು ಇಲ್ಲಿಗೇ ಬಿಟ್ಟುಹೋಗುತ್ತಾರೆ. ದನಿ ಹೇಗೂ ತಿರುಗಿ ಬರುತ್ತದೆ. ಅಷ್ಟರಲ್ಲಿ ಕಿವಿ, ಕೂರುವ ಅಭ್ಯಾಸ ಎರಡೂ ಹೋಗಿರುತ್ತವೆ" ಎಂದರು.

ಮೊದಲ ಎರಡು ತಿಂಗಳು ಅವನನ್ನು ಹಾಡಿಸಲೇ ಇಲ್ಲ. ತಂಬೂರಿ ಕೈಗೆ ಕೊಟ್ಟರು. ಮೊದಲ ತಂತಿ ಪಂಚಮಕ್ಕೆ, ನಡುವಿನ ಜೋಡಿ ಷಡ್ಜಕ್ಕೆ, ಕೊನೆಯದು ಖರ್ಜಕ್ಕೆ. ಬಿರಡೆ ತಿರುಗಿಸಿ ಹತ್ತಿರ ತರುವುದು, ಮಣಿ ಸರಿಸಿ ಕೂಡಿಸುವುದು, ಕುದುರೆಯ ಮೇಲೆ ತಂತಿಯಡಿಯ ದಾರವನ್ನು ಕೂದಲೆಳೆಯಷ್ಟು ಜರುಗಿಸಿ ಜವಾರಿ ತೆರೆಸುವುದು. ಮೊಬೈಲಿನ ಆಪ್‌ನಲ್ಲಿ ಒಂದು ಗುಂಡಿ ಒತ್ತಿದರೆ ಆಗುವ ಕೆಲಸಕ್ಕೆ ಅವನಿಗೆ ಮೊದಮೊದಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಉಳಿದ ಸಮಯ ಬೇರೆ ಮಕ್ಕಳು ಹಾಡುವಾಗ ಕೈಯಲ್ಲಿ ತೀನ್‌ತಾಲ್ ಹಾಕಿ ಸಮ್ ತೋರಿಸಬೇಕು. ಡಿಸೆಂಬರಿನಲ್ಲಿ ಅವನನ್ನು ಸವಾಯಿ ಗಂಧರ್ವ ಉತ್ಸವಕ್ಕೆ ಕರೆದೊಯ್ದರು. ಕುಂದಗೋಳದ ಗುರುವಿನ ನೆನಪಿಗೆ ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಈ ಊರಿನಲ್ಲಿ ಶುರುಮಾಡಿದ ಉತ್ಸವ ಅದು. ಅಲ್ಲಿ ಅವನಿಗೆ ಒಂದೇ ಕೆಲಸ: ಹಾಡುವ ಪ್ರತಿ ಗಂಡಸಿನ ಷಡ್ಜ ಯಾವ ಮನೆಯದು ಎಂದು ಕಂಡುಹಿಡಿದು ಬರೆದುಕೊಳ್ಳುವುದು. ಹೆಚ್ಚಿನವು ಕರಿ ಒಂದು, ಕರಿ ಎರಡರ ಆಸುಪಾಸಿನಲ್ಲೇ ಇದ್ದವು. ದನಿ ಎಲ್ಲಿಗೆ ಇಳಿಯಬಹುದು ಎಂಬುದನ್ನು ತಾಈ ಬಾಯಲ್ಲಿ ಹೇಳದೆ ತಿಳಿಸಿದ್ದರು.

ಜನವರಿಯಲ್ಲಿ ಹಾಡು ಶುರುವಾಯಿತು, ದಿನಕ್ಕೆ ಹದಿನೈದೇ ನಿಮಿಷ. ಪ್ರತಿ ವಾರ ಮೊದಲು ಅವನಿಗೆ ಸಲೀಸಾಗಿ ಎಟಕುವ ಅತಿ ಕೆಳಗಿನ ಸ್ವರ ಹಾಡಿಸಿ, ಅಲ್ಲಿಂದ ನಾಲ್ಕೈದು ಸ್ವರ ಮೇಲಕ್ಕೆ ಆ ವಾರದ ಷಡ್ಜ ಗೊತ್ತುಮಾಡುತ್ತಿದ್ದರು. ಮಂದ್ರದಿಂದ ಮಧ್ಯದ ಪಂಚಮದವರೆಗೆ ಮಾತ್ರ ಅಪ್ಪಣೆ. ತಾನ್ ಇಲ್ಲ, ಜೋರಾದ ಆಕಾರ ಇಲ್ಲ. ದನಿ ಒಡೆದರೆ ನಿಲ್ಲಿಸಬೇಕು. ಕೆಮ್ಮಿ, ಗಂಟಲು ಬಿಗಿಹಿಡಿದು ಅದೇ ಸ್ವರವನ್ನು ಮತ್ತೆ ಹತ್ತುವ ಹಾಗಿಲ್ಲ. ಹತ್ತಿದರೆ ಬಿಗಿತವೇ ಅಭ್ಯಾಸವಾಗಿ ದನಿ ಕೂಡಿದ ಮೇಲೂ ಉಳಿದುಬಿಡುತ್ತದೆ ಎನ್ನುತ್ತಿದ್ದರು. ಷಡ್ಜ ಯಾವುದೆಂದು ಡೈರಿಯಲ್ಲಿ ತಾರೀಖಿನೊಂದಿಗೆ ಬರೆದಿಡುತ್ತಿದ್ದರು. ಜನವರಿಯಲ್ಲಿ ಬಿಳಿ ನಾಲ್ಕು, ಏಪ್ರಿಲಿನಲ್ಲಿ ಕರಿ ಎರಡು, ಮಳೆಗಾಲ ಮುಗಿಯುವಾಗ ಬಿಳಿ ಎರಡು. ನಡುವೆ ಒಮ್ಮೆ ಮೇಲಕ್ಕೂ ಹೋಗಿತ್ತು. 2024ರ ಮಾರ್ಚಿನಲ್ಲಿ ಕರಿ ಒಂದಕ್ಕೆ ಬಂದು ನಿಂತಿತು. ಹಾರ್ಮೋನಿಯಂನಲ್ಲಿ ಎಣಿಸಿ ನೋಡಿದೆ. ಕರಿ ಬಿಳಿ ಸೇರಿ ಏಳು ಮನೆ ಇಳಿದಿದ್ದ.

ಅಷ್ಟು ಇಳಿದಾಗ ಅವನ ಚಿಕ್ಕ ತಂಬೂರಿಯ ತಂತಿಗಳು ಸಡಿಲಾಗಿ ಸತ್ತಂತೆ ಬಡಿದುಕೊಳ್ಳತೊಡಗಿದ್ದವು. ತಾಈ ಅಟ್ಟದ ಮೇಲಿದ್ದ ಮಿರಜಿನ ದೊಡ್ಡ ಗಂಡು ತಂಬೂರಿ ಇಳಿಸಿದರು. ಅವರ ಗುರುಗಳದಂತೆ. ಹೊಸ ತಂತಿ ಹಾಕಿಸಿ, ದಾರ ಮಾತ್ರ ನೀನೇ ಕೂರಿಸು ಎಂದು ಅವನ ಮುಂದಿಟ್ಟರು. ಆ ಸಂಜೆ ಅವನು ಮನೆಗೆ ಬಂದು ಊಟಕ್ಕೆ ಕೂತವನು ತಾನಾಗಿಯೇ ಗುನುಗುತ್ತಿದ್ದ. ನಾನು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅವನೂ ನಿಲ್ಲಿಸಿಯಾನು ಎಂದು ಹೆದರಿಕೆ.

ಆ ವರ್ಷದ ಗುರುಪೂರ್ಣಿಮೆಯ ದಿನ ಶಿಷ್ಯರೆಲ್ಲ ಹಾಡುವ ಸರದಿ. ಅವನದು ಮಾಲಕಂಸ. ಆ ರಾಗಕ್ಕೆ ಪಂಚಮವಿಲ್ಲ, ಹಾಗಾಗಿ ಹಿಂದಿನ ಹುಡುಗಿ ಎದ್ದ ಮೇಲೆ ದೊಡ್ಡ ತಂಬೂರಿ ಎಳೆದುಕೊಂಡು ಮೊದಲ ತಂತಿಯನ್ನು ಪಂಚಮದಿಂದ ಮಧ್ಯಮಕ್ಕೆ ಇಳಿಸಿದ. ಎರಡು ನಿಮಿಷವೂ ಹಿಡಿಯಲಿಲ್ಲ. ಯಾರ ಮುಖವನ್ನೂ ನೋಡಲಿಲ್ಲ. ಬಂದಿಶ್‌ನ ಅಂತರಾದಲ್ಲಿ ತಾರ ಷಡ್ಜ ಬಂತು. ನಾನು ಕುರ್ಚಿಯ ತೋಳು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ದನಿ ಹಳೆಯ ಗಂಟೆಯ ಹಾಗಿರಲಿಲ್ಲ, ಸ್ವಲ್ಪ ಒರಟಾಗಿತ್ತು. ಆದರೆ ನಿಂತಿತು.

ಮುಗಿದ ಮೇಲೆ ತಾಈ ಹೇಳಿದ್ದು ಒಂದೇ ಮಾತು: "ತಂಬೂರಿ ಚೆನ್ನಾಗಿ ಕೂಡಿತ್ತು." ಅವನ ಮುಖ ಅರಳಿದ್ದು ನೋಡಿದೆ.

ಆ ದಿನ ಶ್ರುತಿ ಇಳಿಸೋಣ ಎಂದಾಗ ನಾನು ನಿಮ್ಮ ಮಾತು ಕೇಳಲಿಲ್ಲ ತಾಈ. ಒಂದು ವೇದಿಕೆಯ ಆಸೆಗೆ ಮಗನ ದನಿಯನ್ನು ನೂಕಿದವಳು ನಾನು. ಅವನು ಹಾಡಲಾಗದ ವರ್ಷದಲ್ಲೂ ಅವನನ್ನು ಹಾಡಿನ ಮನೆಯಲ್ಲೇ ಇರಿಸಿಕೊಂಡವರು ನೀವು. ಇದನ್ನು ಮರಾಠಿಯಲ್ಲಿ ಎದುರಿಗೆ ನಿಂತು ಹೇಳಲು ಹೋದಾಗಲೆಲ್ಲ ಮಾತು ಹವೆ, ಫೀಸು, ಪಾಠದ ಸಮಯಕ್ಕೇ ತಿರುಗಿಬಿಡುತ್ತದೆ. ಅದಕ್ಕೇ ಕನ್ನಡದಲ್ಲಿ ಬರೆದೆ. ಮುಂದಿನ ಗುರುವಾರ ನಿಮ್ಮ ಶಿಷ್ಯ ಇದನ್ನು ಓದಿ ಅರ್ಥ ಹೇಳುತ್ತಾನೆ. ಅವ್ವ ಕೇಳಿಸಿಕೊಂಡದ್ದು ತಪ್ಪೇನಲ್ಲ ಎಂಬುದನ್ನೂ ಸೇರಿಸಿ ಹೇಳು ಎಂದಿದ್ದೇನೆ.