ಗೆರೆಯ ಕೆಳಗಿನ ಅಂಕಿ

ನವಿ ಮುಂಬೈ ಕಡೆ ಸಮುದ್ರದ ನೀರು ಒಳನುಗ್ಗಿ ಬರುವ ತೋಡುಗಳಿಗೆ ಖಾಡಿ ಅನ್ನುತ್ತಾರೆ. ಅಂಥದೊಂದು ಖಾಡಿಯ ಮೇಲೆ ಕಟ್ಟುತ್ತಿದ್ದ ಸೇತುವೆಯನ್ನು ನೋಡಲು ನಾನು ಹೋದದ್ದು ಏಪ್ರಿಲ್ ಎರಡನೆಯ ವಾರ. ನೋಡಲು ಅಂದರೆ ಆಡಿಟ್ ಮಾಡಲು. ಕಂಪನಿಯ ಹೆಸರು ಹೇಳುವಂತಿಲ್ಲ, ಅಂಕಿಗಳನ್ನೂ ಲೆಕ್ಕ ಸುಲಭವಾಗಲೆಂದು ಸ್ವಲ್ಪ ಬದಲಿಸಿದ್ದೇನೆ. ಉಳಿದದ್ದೆಲ್ಲ ನಡೆದ ಹಾಗೇ ಇದೆ.

ಸೇತುವೆಯ ಗುತ್ತಿಗೆ 200 ಕೋಟಿ. ಕಟ್ಟಲು ಒಟ್ಟು 180 ಕೋಟಿ ಖರ್ಚಾಗುತ್ತದೆಂದು ಕಂಪನಿಯ ಅಂದಾಜು. ಮಾರ್ಚ್ 31ಕ್ಕೆ ಪುಸ್ತಕದಲ್ಲಿ ಬರೆದಿದ್ದ ಖರ್ಚು 108 ಕೋಟಿ. ಮೂರು ನಾಲ್ಕು ವರ್ಷ ನಡೆಯುವ ಕೆಲಸದಲ್ಲಿ ಸೇತುವೆ ಮುಗಿಯುವವರೆಗೆ ಆದಾಯವನ್ನೇ ತೋರಿಸದೆ ಕೂರಲಾಗುವುದಿಲ್ಲ. ಹಾಗಾಗಿ ವರ್ಷದ ಕೊನೆಗೆ ಕೆಲಸ ಎಷ್ಟು ಪಾಲು ಮುಗಿದಿದೆ ಎಂದು ಅಳೆದು, ಅಷ್ಟು ಪಾಲು ಆದಾಯ ಬರೆಯುತ್ತಾರೆ. ಅಳೆಯುವುದಕ್ಕೆ ಹೆಚ್ಚಿನವರು ಬಳಸುವ ದಾರಿ ಒಂದೇ: ಈವರೆಗಿನ ಖರ್ಚನ್ನು ಒಟ್ಟು ಅಂದಾಜು ಖರ್ಚಿನಿಂದ ಭಾಗಿಸುವುದು. 108 ಭಾಗಿಸು 180, ಅಂದರೆ ಶೇಕಡ 60. ಆದಾಯ 120 ಕೋಟಿ, ಲಾಭ 12 ಕೋಟಿ. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು. 108 ಕೋಟಿಗೆ ಬಿಲ್ಲುಗಳಿದ್ದವು, ನಮ್ಮ ಹುಡುಗರು ಒಂದೊಂದನ್ನೂ ಟಿಕ್ ಮಾಡಿದ್ದರು.

ನನಗೆ ಚುಚ್ಚಿದ್ದು ಬೇರೊಂದು ಅಂಕಿ. ಗುತ್ತಿಗೆ ಕೊಟ್ಟ ಇಲಾಖೆ ಅಲ್ಲಿಯವರೆಗೆ ಅಳತೆ ಮಾಡಿ ಒಪ್ಪಿದ್ದ ಆರ್.ಎ. ಬಿಲ್ಲುಗಳ ಮೊತ್ತ 78 ಕೋಟಿ ಮಾತ್ರ. ಕಂಪನಿ ಬರೆದ ಆದಾಯ 120. ನಡುವಿನ 42 ಕೋಟಿ 'ಬಿಲ್ ಮಾಡಬೇಕಾದ ಆದಾಯ' ಎಂಬ ಹೆಸರಿನಲ್ಲಿ ಆಸ್ತಿಯಾಗಿ ಕೂತಿತ್ತು. ಹಿಂದಿನ ವರ್ಷ ಅದು 15 ಇತ್ತು. ಬಿಲ್ಲಿಗೂ ಆದಾಯಕ್ಕೂ ಒಂದಿಷ್ಟು ಅಂತರ ಇರುವುದು ಸಹಜ. ಆದರೆ ಅದು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ, ಮಾಡಿದ್ದೇವೆ ಎಂದು ಗುತ್ತಿಗೆದಾರ ಹೇಳುವ ಕೆಲಸ ಅಳೆಯುವವನ ಕಣ್ಣಿಗೆ ಬೀಳುತ್ತಿಲ್ಲ ಎಂದೇ ಅರ್ಥ. ಇನ್ನೊಂದು ಸಂಗತಿಯೂ ಇತ್ತು. 180 ಎಂಬ ಅಂದಾಜು ಮೂರು ವರ್ಷದಿಂದ ಒಂದು ರೂಪಾಯಿಯೂ ಅಲುಗಾಡಿರಲಿಲ್ಲ. ಸಿಮೆಂಟು, ಕಬ್ಬಿಣ, ಡೀಸೆಲ್ ಎಲ್ಲ ಏರಿಳಿದ ಮೂರು ವರ್ಷಗಳಲ್ಲಿ ಒಂದು ಅಂದಾಜು ಹೀಗೆ ಕಲ್ಲಿನಂತೆ ನಿಂತಿದ್ದರೆ ಅದನ್ನು ಯಾರೂ ಮುಟ್ಟಿಯೇ ಇಲ್ಲ.

ಸೈಟಿಗೆ ಹೋದದ್ದು ಅದಕ್ಕೆ.

ಸೈಟ್ ಆಫೀಸು ಎಂದರೆ ತಗಡಿನ ಕಂಟೇನರ್. ಪೈಲಿಂಗ್ ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ಹುಡುಗ ಫೋನಿನಲ್ಲಿ ಯಾರಿಗೋ "ಹೂಂನ್ರಿ, ಸಂಜಿಕ್ ಕಳಸ್ತೀನ್ರಿ" ಅನ್ನುತ್ತಿದ್ದದ್ದು ಕೇಳಿ ನಾನು ಕನ್ನಡದಲ್ಲೇ ಮಾತಿಗಿಳಿದೆ. ವಿಜಯಪುರ ಜಿಲ್ಲೆಯವನು. ರಾಣೆಬೆನ್ನೂರಿನವನು ನಾನು ಎಂದಾಗ ಅವನ ಮುಖ ಅರಳಿತು. ಚಹಾ ತರಿಸಿದ. ಬಾರ್ಜಿನ ಮೇಲೆ ನಿಂತಿದ್ದ ರಿಗ್ ತೋರಿಸುತ್ತ, ಕೆಲಸ ಹೇಗೆ ನಡೆದಿದೆ ಎಂದು ಕೇಳಿದೆ.

"ಬಂಡಿ ಹತ್ತವಲ್ದು ಸರ. ಡ್ರಾಯಿಂಗ್‌ನ್ಯಾಗ ಹದಿನೆಂಟ್ ಮೀಟರಿಗೆ ಬಂಡಿ ಐತಿ ಅಂತ ತೋರ್ಸ್ಯಾರ. ನಾವು ಇಪ್ಪತ್ತಾರಕ್ಕ ಹೋಗಾಕತ್ತೀವಿ. ಬರೇ ರಾಡಿ."

ಆ ಖಾಡಿಗಳ ತಳದಲ್ಲಿ ಮೆತ್ತನೆಯ ಜೇಡಿ, ಅದರ ಕೆಳಗೆ ಬಸಾಲ್ಟ್ ಬಂಡೆ. ಟೆಂಡರಿಗೆ ಮೊದಲು ಅಲ್ಲೊಂದು ಇಲ್ಲೊಂದು ಬೋರ್ ಕೊರೆದು ಬಂಡೆಯ ಆಳ ಊಹಿಸಿರುತ್ತಾರೆ. ಎರಡು ಬೋರುಗಳ ನಡುವೆ ಬಂಡೆ ಹೇಗೆ ಇಳಿದಿದೆಯೋ ಕೊರೆದಾಗಲೇ ಗೊತ್ತು. ಒಟ್ಟು 160 ಪೈಲುಗಳಲ್ಲಿ ಆವರೆಗೆ 88 ಮುಗಿದಿದ್ದವು. ವೇಳಾಪಟ್ಟಿಯ ಪ್ರಕಾರ ಅಷ್ಟೂ ಮುಗಿದು ಮೇಲಿನ ಕೆಲಸ ಶುರುವಾಗಬೇಕಿತ್ತು.

ಅವನು ಹೇಳಿದ್ದನ್ನು ಬರೆದುಕೊಳ್ಳಲು ಪೆನ್ ತೆಗೆದಾಗ ಹುಡುಗ ಗಾಬರಿಯಾದ. "ಸರ, ನನ್ನ ಹೆಸರು ಹಾಕಬ್ಯಾಡ್ರಿ. ಹೆಡ್ ಆಫೀಸಿನವರು ಕೇಳಿದ್ರ ನಾ ಏನೂ ಹೇಳಿಲ್ಲ. ರಜಿಸ್ಟರ್ ಇಲ್ಲೇ ಐತಿ, ನೋಡ್ರಿ, ಅದೇನ್ ಗುಟ್ಟಲ್ಲ."

ಅವನ ಮಾತಿಗಿಂತ ರಜಿಸ್ಟರೇ ನನಗೆ ಬೇಕಾಗಿತ್ತು. ಬಾಯಿಮಾತು ಆಡಿಟ್ ಪುರಾವೆಯಾಗಿ ಹೆಚ್ಚು ದೂರ ನಡೆಯುವುದಿಲ್ಲ. ಪೈಲ್ ರಜಿಸ್ಟರ್ ನಡೆಯುತ್ತದೆ. ಪ್ರತಿ ಪೈಲಿನ ತಾರೀಖು, ತಲುಪಿದ ಆಳ, ಲೆಕ್ಕದ ಪ್ರಕಾರ ಹಿಡಿಸಬೇಕಿದ್ದ ಕಾಂಕ್ರೀಟು, ನಿಜವಾಗಿ ಹಿಡಿಸಿದ ಕಾಂಕ್ರೀಟು, ಇಲಾಖೆಯ ಪ್ರತಿನಿಧಿಯ ಸಹಿ. ಅಕೌಂಟ್ಸಿನವರು ಆ ಪುಸ್ತಕವನ್ನು ಒಮ್ಮೆಯೂ ನೋಡಿರಲಿಲ್ಲ. ಹೆಡ್ ಆಫೀಸಿನ ಮೂಲಕ ಪತ್ರ ಬರೆದು ಪ್ರತಿ ತರಿಸಿಕೊಂಡೆ. ನನ್ನ ಕಡತದಲ್ಲಿ ಇರುವುದು ಪುಟ ಸಂಖ್ಯೆಗಳು ಮಾತ್ರ.

ಈ ಲೆಕ್ಕದ ವಿಚಿತ್ರ ಇಲ್ಲಿದೆ. ಪೈಲು ಎಂಟು ಮೀಟರ್ ಹೆಚ್ಚು ಇಳಿಯಿತು, ಹಣ ಹೆಚ್ಚು ಹೋಯಿತು ಅನ್ನೋಣ. ಆ ಹೆಚ್ಚುವರಿ ಖರ್ಚು ಗೆರೆಯ ಮೇಲಿನ ಅಂಕಿಗೆ ಸೇರುತ್ತದೆ. ಕೆಳಗಿನ ಅಂಕಿಯನ್ನು ಯಾರೂ ಮುಟ್ಟದಿದ್ದರೆ ಶೇಕಡಾವಾರು ಮೇಲೇರುತ್ತದೆ. ಅಂದರೆ ಖಾಡಿಯ ರಾಡಿಯಲ್ಲಿ ಕರಗಿದ ಪ್ರತಿ ರೂಪಾಯಿಗೂ ಪುಸ್ತಕದಲ್ಲಿ 1 ರೂಪಾಯಿ 11 ಪೈಸೆ ಆದಾಯ ಹುಟ್ಟುತ್ತದೆ. ಕೆಲಸ ಕೆಟ್ಟಷ್ಟೂ ಲಾಭ ಹೆಚ್ಚು. ಇದಕ್ಕೆ ಯಾರೂ ಸುಳ್ಳು ಬಿಲ್ಲು ಹಾಕಬೇಕಿಲ್ಲ, ಸುಮ್ಮನಿದ್ದರೆ ಸಾಕು. ಮೇಲಿನ ಅಂಕಿಗೆ ಸಾವಿರ ಬಿಲ್ಲುಗಳ ಸಾಕ್ಷಿ ಇರುತ್ತದೆ, ನಾವು ಆಡಿಟರುಗಳು ವಾರಗಟ್ಟಲೆ ಅದನ್ನೇ ನೋಡುತ್ತೇವೆ. ಕೆಳಗಿನದು ಯಾರದೋ ತಲೆಯಲ್ಲಿರುವ ನಾಳೆ.

ನಮ್ಮ ತಂಡ ಆ ನಾಳೆಯನ್ನು ಹೊಸದಾಗಿ ಕಟ್ಟಿತು. ಪ್ರತಿ ಪೈಲಿಗೆ ಸರಾಸರಿ 8 ಮೀಟರ್ ಹೆಚ್ಚು, 160 ಪೈಲಿಗೆ 1,280 ಮೀಟರ್, ಮೀಟರಿಗೆ ಸುಮಾರು ಒಂದು ಲಕ್ಷ: 13 ಕೋಟಿ. ಕೆಲಸ ಹತ್ತು ತಿಂಗಳು ತಡವಾಗುತ್ತದೆ, ಅಷ್ಟೂ ತಿಂಗಳು ಬಾರ್ಜು, ಕ್ರೇನು, ಸೈಟಿನ ಸಂಬಳ ನಿಲ್ಲುವುದಿಲ್ಲ: 12 ಕೋಟಿ. ಇನ್ನೂ ಕೊಳ್ಳಬೇಕಾದ ಕಬ್ಬಿಣದ ಬೆಲೆ ಏರಿಕೆ: 5 ಕೋಟಿ. ಒಟ್ಟು ಖರ್ಚು 180 ಅಲ್ಲ, 210. ಗುತ್ತಿಗೆಯ ಬೆಲೆಯೇ 200.

ಮೇಲಿನ ಅಂಕಿಯಲ್ಲೂ ಒಂದು ತೊಡಕಿತ್ತು. 108ರಲ್ಲಿ 24 ಕೋಟಿ ಕಬ್ಬಿಣದ ಪ್ಲೇಟುಗಳು ಯಾರ್ಡಿನಲ್ಲಿ ತಾಡಪಾಲಿನ ಕೆಳಗೆ ಮಲಗಿದ್ದವು. ಮಾರ್ಚ್ ಕೊನೆಯ ವಾರ ಬಂದವು, ಒಂದನ್ನೂ ಕತ್ತರಿಸಿರಲಿಲ್ಲ. ಬೇರೆ ಯಾವ ಸೈಟಿಗಾದರೂ ಒಯ್ಯಬಹುದಾದ ಸರಕು ಅದು. ಅದು ದಾಸ್ತಾನು, ಸೇತುವೆಯ ಕೆಲಸವಲ್ಲ. (ಈ ಸೇತುವೆಗೆಂದೇ ಕತ್ತರಿಸಿ ಬೆಸೆದ ಗರ್ಡರುಗಳಾಗಿದ್ದರೆ ವಾದ ಬೇರೆಯಾಗುತ್ತಿತ್ತು.) ಅದನ್ನು ಕಳೆದರೆ ಉಳಿದದ್ದು 84. 84 ಭಾಗಿಸು 210, ಶೇಕಡ 40. ಆದಾಯ 80 ಕೋಟಿ. ಇಲಾಖೆ ಒಪ್ಪಿದ್ದ 78ರ ಪಕ್ಕದಲ್ಲೇ ಅದು ಬಂದು ನಿಂತಾಗ ನನಗೆ ಧೈರ್ಯ ಬಂತು. ಎರಡು ಬೇರೆ ಬೇರೆ ದಾರಿ ಹಿಡಿದು ಒಂದೇ ಊರು ತಲುಪಿದ ಹಾಗೆ.

ಮೀಟಿಂಗಿನಲ್ಲಿ ಕಂಪನಿಯ ಹಣಕಾಸು ಮುಖ್ಯಸ್ಥರು ಮೊದಲು ಹೇಳಿದ್ದು, "ಆಳ ಹೆಚ್ಚಾದದ್ದಕ್ಕೆ ಇಲಾಖೆಯಿಂದ 25 ಕೋಟಿ ಕ್ಲೇಮ್ ಕೇಳಿದ್ದೇವೆ." ಕೇಳಿದ್ದು ನಿಜ, ಮೂರು ಪತ್ರಗಳಿದ್ದವು. ಆದರೆ ಗುತ್ತಿಗೆ ಲಂಪ್‌ಸಮ್, ನೆಲದ ಸ್ಥಿತಿಯ ಅಪಾಯ ಗುತ್ತಿಗೆದಾರನದೇ ಎಂಬ ಕಲಮು ಅದರಲ್ಲಿತ್ತು, ಇಲಾಖೆ ಅದನ್ನೇ ತೋರಿಸಿ ಉತ್ತರ ಕೊಟ್ಟಿತ್ತು. ಇಂಥ ಹಣವನ್ನು ಮುಂದೆ ವಾಪಸ್ ಕಳೆಯಬೇಕಾಗಿ ಬರುವುದಿಲ್ಲ ಎಂಬ ಬಲವಾದ ಭರವಸೆ ಇದ್ದರಷ್ಟೇ ಆದಾಯಕ್ಕೆ ಸೇರಿಸಬಹುದು. 2018ರ ಏಪ್ರಿಲ್‌ನಿಂದ ಜಾರಿಗೆ ಬಂದ ಇಂಡ್ ಎ.ಎಸ್. 115 ಹೇಳುವುದು ಇದನ್ನೇ. ಕೇಳಿದ್ದೇವೆ ಅನ್ನುವುದು ಭರವಸೆಯಲ್ಲ.

ಎರಡನೆಯ ಮಾತಿನಲ್ಲಿ ಸ್ವಲ್ಪ ಹುರುಳಿತ್ತು. "ಸರಿ, 84 ಖರ್ಚಿಗೆ 80 ಆದಾಯ, ಈವರೆಗಿನ ನಷ್ಟ 4 ಕೋಟಿ. ಉಳಿದ 6 ಕೋಟಿ ಮುಂದಿನ ವರ್ಷಗಳದು. ಲಾಭವನ್ನು ಕೆಲಸದ ಪಾಲಿನಂತೆ ಹಂಚುವುದಾದರೆ ನಷ್ಟವನ್ನೂ ಹಾಗೇ ಹಂಚಬೇಕಲ್ಲ?" ಹಂಚುವಂತಿಲ್ಲ. ಬರುವ ಲಾಭಕ್ಕೆ ಕಾಯಬೇಕು, ಬರುವುದು ಖಚಿತವಾದ ನಷ್ಟಕ್ಕೆ ಕಾಯುವಂತಿಲ್ಲ. ಹಳೆಯ ಎ.ಎಸ್. 7 ಇದನ್ನು ನೇರವಾಗಿಯೇ ಹೇಳುತ್ತಿತ್ತು. ಈಗ ಆ ಕೆಲಸ ಇಂಡ್ ಎ.ಎಸ್. 37ರದು: ಉಳಿದ ಕೆಲಸಕ್ಕೆ 126 ಕೋಟಿ ಬೇಕು, ಬರುವುದು 120, ಕೊರತೆ 6. ಬಿಟ್ಟು ಓಡಿದರೆ? 20 ಕೋಟಿಯ ಬ್ಯಾಂಕ್ ಗ್ಯಾರಂಟಿ ಇಲಾಖೆಯ ಪಾಲು. ಎರಡರಲ್ಲಿ ಕಡಿಮೆಯದು 6, ಅದನ್ನು ಇವತ್ತೇ ಬರೆಯಬೇಕು. 12 ಕೋಟಿ ಲಾಭದ ಜಾಗದಲ್ಲಿ 10 ಕೋಟಿ ನಷ್ಟ.

ಕೋಣೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಕೊನೆಗೆ ಅವರು, "ಮುಂದಿನ ವರ್ಷ ಸ್ಪೀಡ್ ಹಿಡಿಯುತ್ತೆ, ಸರಿಹೋಗುತ್ತೆ" ಅಂದರು.

ಈ ಮಾತು ನನಗೆ ಚಿಕ್ಕಂದಿನಿಂದ ಗೊತ್ತು. ಅಪ್ಪ ಸಣ್ಣ ಗುತ್ತಿಗೆದಾರ, ಹಳ್ಳಿ ರಸ್ತೆಗಳಿಗೆ ಮೋರಿ ಕಟ್ಟುತ್ತಿದ್ದ. ಒಂದು ಮೋರಿಯ ಪಾಯ ತೋಡಿದಷ್ಟೂ ನೀರು. ಪಂಪಿಟ್ಟು ಹೊಡೆಸಿದ, ಗೋಡೆ ಕುಸಿಯಿತು, ಮತ್ತೆ ತೋಡಿಸಿದ. ಮನೆಯಲ್ಲಿ ಅವ್ವ ಕೇಳಿದಾಗಲೆಲ್ಲ "ಮುಂದಿನ ಬಿಲ್ಲಿಗೆ ಸರಿಹೋಗ್ತದ" ಅನ್ನುತ್ತಿದ್ದ. ಅವನ ಪುಸ್ತಕದಲ್ಲಿ ಖರ್ಚಿನ ಪುಟಗಳು ಅಚ್ಚುಕಟ್ಟು, ಒಂದು ಚೀಲ ಸಿಮೆಂಟೂ ಬಿಟ್ಟಿರಲಿಲ್ಲ. ಇನ್ನು ಎಷ್ಟು ಬೇಕು ಎನ್ನುವುದಕ್ಕೆ ಮಾತ್ರ ಪುಟವಿರಲಿಲ್ಲ. ಆ ನಂಬಿಕೆಯಲ್ಲೇ ಇನ್ನೆರಡು ಮೋರಿ ಹಿಡಿದ, ಅವುಗಳ ಅಡ್ವಾನ್ಸು ಮೊದಲ ಮೋರಿಯ ನೀರಿಗೆ ಹೋಯಿತು. ಟ್ರ್ಯಾಕ್ಟರ್ ಮಾರಿದ ದಿನ ಅವ್ವನಿಗೆ ವಿಷಯ ತಿಳಿಯಿತು.

ಹಣಕಾಸು ಮುಖ್ಯಸ್ಥರು ಕೆಟ್ಟವರಲ್ಲ, ಅಪ್ಪನೂ ಆಗಿರಲಿಲ್ಲ. ಅವರ ಮುಂದೆ ನಾನು ಇಟ್ಟದ್ದು ಅವರದೇ ಹಳೆಯ ಲೆಕ್ಕ. ಮೂರು ವರ್ಷಗಳಲ್ಲಿ ಮುಗಿದ ಐದು ಕಾಮಗಾರಿಗಳನ್ನು ತೆಗೆದು, ಪ್ರತಿ ವರ್ಷದ ಕೊನೆಗೆ ಹೇಳಿದ್ದ ಅಂದಾಜನ್ನೂ ಕೊನೆಗಾದ ಖರ್ಚನ್ನೂ ಪಕ್ಕಪಕ್ಕ ಬರೆದಿದ್ದೆವು. ನಾಲ್ಕು ಮೀರಿದ್ದವು. ನಾಲ್ಕರಲ್ಲೂ ಅಂದಾಜು ಬದಲಾದದ್ದು ಕೊನೆಯ ಆರು ತಿಂಗಳಲ್ಲಿ. ಜೊತೆಗೆ ಏಪ್ರಿಲ್, ಮೇ ತಿಂಗಳ ಪೈಲ್ ರಜಿಸ್ಟರ್: ಹೊಸ ಒಂಬತ್ತು ಪೈಲುಗಳು, ಒಂದೂ 25 ಮೀಟರಿಗಿಂತ ಮೇಲೆ ನಿಂತಿರಲಿಲ್ಲ. ಅವರು ಆ ಹಾಳೆಯನ್ನು ಎರಡು ಸಲ ಓದಿದರು. ಹತ್ತು ದಿನದ ನಂತರ ಲೆಕ್ಕ ತಿದ್ದಿ ಬಂತು.

ಹಳೆಯ ವರ್ಷದ ಆಡಿಟ್‌ನಲ್ಲೂ ನಾನೇ ಇದ್ದೆ ಎನ್ನುವುದನ್ನು ಬಿಟ್ಟರೆ ತಪ್ಪಾಗುತ್ತದೆ. ಆಗ 180ಕ್ಕೆ ಮ್ಯಾನೇಜ್‌ಮೆಂಟಿನ ಸಹಿ ಇದೆಯೇ ಎಂದಷ್ಟೇ ನೋಡಿದ್ದೆ. ಸಹಿ ಇತ್ತು.

ಹೋದ ದೀಪಾವಳಿಗೆ ಊರಿಗೆ ಹೋದಾಗ ಈ ಕಥೆಯನ್ನು, ಹೆಸರು ಬಿಟ್ಟು, ಅಪ್ಪನಿಗೆ ಹೇಳಿದೆ. ಪೈಲಿನ ಆಳ, ಬಾರ್ಜಿನ ಬಾಡಿಗೆ ಎಲ್ಲ ಕೆದಕಿ ಕೆದಕಿ ಕೇಳಿದ. ನಷ್ಟದ ಬಗ್ಗೆ ಏನೂ ಅನ್ನಲಿಲ್ಲ. ಎಲೆ ಅಡಿಕೆ ಹಾಕಿಕೊಂಡು ಸುಮಾರು ಹೊತ್ತಾದ ಮೇಲೆ ಕೇಳಿದ:

"ಆ ಬಿಜಾಪುರದ ಹುಡುಗನ್ನ ಅಲ್ಲೇ ಇಟ್ಟಾರೋ, ತಗದು ಹಾಕಿದ್ರೋ?"

ಇದ್ದಾನೆ, ಈಗ ಬೇರೆ ಸೈಟಿನಲ್ಲಿ, ಎಂದೆ. ಅದು ಬಡ್ತಿಯೋ ಎತ್ತಂಗಡಿಯೋ ನನಗೂ ತಿಳಿದಿರಲಿಲ್ಲ.