ಹುಟ್ಟಿನಿಂದಲೇ ಎಲ್‌ಡಿಎಲ್ ಕಡಿಮೆ ಇದ್ದವರಿಂದ ನಾನು ಕಲಿತದ್ದು

ತಮ್ಮನಿಗೆ ನಲವತ್ತೆರಡು ವರ್ಷವಾಗಿದ್ದಾಗ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಎಲ್‌ಡಿಎಲ್ ಕೊಲೆಸ್ಟರಾಲ್ 168 ಬಂದಿತ್ತು. ಡಾಕ್ಟರು ಸ್ಟಾಟಿನ್ ಮಾತ್ರೆ ಬರೆದುಕೊಟ್ಟಿದ್ದರು. ಔಷಧಿ ಅಂಗಡಿಗೆ ಹೋಗುವ ಮೊದಲು ಆ ಚೀಟಿ ಹಿಡಿದುಕೊಂಡು ನಮ್ಮ ಮನೆಗೆ ಬಂದ. "ಅಣ್ಣ, ಶುರು ಮಾಡಿದ್ರೆ ಜೀವನಪೂರ್ತಿ ತಗೋಬೇಕಂತೆ. ಏನ್ ಮಾಡ್ಲಿ?" ಎಂದು ಕೇಳಿದ. ನಾನು ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಮನೆಯಲ್ಲಿ ಯಾರಿಗೆ ಏನಾದರೂ ರಿಪೋರ್ಟು ನನ್ನ ಕೈಗೇ ಬರುತ್ತಿತ್ತು. "ಎಚ್‌ಡಿಎಲ್ ಚೆನ್ನಾಗಿದೆ, ಸಿಗರೇಟು ಸೇದಲ್ಲ, ದಿನಾ ನಡೀತೀಯ. ಮಾತ್ರೆ ಯಾಕೆ, ಬಿಡು" ಎಂದೆ. ಅವನು ಬಿಟ್ಟ. ಐವತ್ತೊಂದನೇ ವಯಸ್ಸಿನಲ್ಲಿ ಅವನಿಗೆ ಹೃದಯಾಘಾತವಾಯಿತು. ಎರಡು ಸ್ಟೆಂಟ್ ಹಾಕಿದರು. ಜೀವ ಉಳಿಯಿತು, ಆದರೆ ಹೃದಯದ ಒಂದು ಭಾಗದ ಸ್ನಾಯು ಸತ್ತುಹೋಯಿತು. ಮಹಡಿ ಹತ್ತುವಾಗ ಅವನು ಈಗ ಮಧ್ಯದಲ್ಲಿ ನಿಲ್ಲುತ್ತಾನೆ. ಮಾತ್ರೆ ತಗೊಂಡಿದ್ದರೆ ಆಘಾತ ತಪ್ಪುತ್ತಿತ್ತೇ ಎಂದು ಒಬ್ಬ ವ್ಯಕ್ತಿಯ ವಿಷಯದಲ್ಲಿ ಯಾರೂ ಖಚಿತವಾಗಿ ಹೇಳಲಾರರು. ನಾನು ಕೊಟ್ಟ ಸಲಹೆ ತಪ್ಪು ಎಂಬುದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ.

ಆ ಸಲಹೆಯ ಹಿಂದೆ ಉಡಾಫೆ ಇರಲಿಲ್ಲ, ಓದು ಇತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೃದಯಾಘಾತವಾಗಿ ಆಸ್ಪತ್ರೆ ಸೇರಿದ ಎಷ್ಟೋ ಮಂದಿಯ ಎಲ್‌ಡಿಎಲ್ ಹೆಚ್ಚೇನೂ ಇರುವುದಿಲ್ಲ ಎಂದು ಓದಿದ್ದೆ. ವಯಸ್ಸಾದವರಲ್ಲಿ ಕೊಲೆಸ್ಟರಾಲ್ ಕಡಿಮೆ ಇದ್ದವರೇ ಬೇಗ ಸಾಯುತ್ತಾರೆ ಎಂಬ ಅಧ್ಯಯನಗಳನ್ನೂ ನೋಡಿದ್ದೆ. ಎರಡೂ ಸುಳ್ಳಲ್ಲ. ಆದರೆ ಹೃದಯಾಘಾತವಾದ ಮೇಲೆ ಒಂದೆರಡು ದಿನದೊಳಗೆ ಎಲ್‌ಡಿಎಲ್ ತಾನಾಗಿಯೇ ಇಳಿಯುತ್ತದೆ. ಆಸ್ಪತ್ರೆಯಲ್ಲಿ ಅಳೆದ ಅಂಕಿ ಅದಕ್ಕೆ ಹಿಂದಿನ ಮೂವತ್ತು ವರ್ಷದ ಕಥೆ ಹೇಳುವುದಿಲ್ಲ. ಹಾಗೆಯೇ ಕ್ಯಾನ್ಸರು, ಯಕೃತ್ತಿನ ಕಾಯಿಲೆ, ಮುಪ್ಪಿನ ನಿಶ್ಶಕ್ತಿ ಇವೆಲ್ಲ ಕೊಲೆಸ್ಟರಾಲನ್ನು ಇಳಿಸುತ್ತವೆ. ಅಲ್ಲಿ ಕೊಲೆಸ್ಟರಾಲ್ ಇಳಿದದ್ದರಿಂದ ಕಾಯಿಲೆ ಬಂದದ್ದಲ್ಲ, ಕಾಯಿಲೆ ಬಂದದ್ದರಿಂದ ಕೊಲೆಸ್ಟರಾಲ್ ಇಳಿದದ್ದು. ಜನರನ್ನು ಸುಮ್ಮನೆ ಗಮನಿಸುತ್ತಾ ಕೂತರೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಬಿಡಿಸುವುದು ಬಹಳ ಕಷ್ಟ.

ಇದನ್ನು ಬಿಡಿಸುವ ಒಂದು ದಾರಿ ಇದೆ. ಅದಕ್ಕೆ ಬೇಕಾದ ಪಾಠವನ್ನು ನಾನೇ ವರ್ಷ ವರ್ಷ ಕಪ್ಪು ಹಲಗೆಯ ಮೇಲೆ ಬರೆದಿದ್ದೆ. ಒಂದು ಜೀನಿಗೆ ಎರಡು ಪ್ರತಿಗಳಿದ್ದರೆ ಮಗುವಿಗೆ ಅದರಲ್ಲಿ ಯಾವುದು ಹೋಗುತ್ತದೆ ಎಂಬುದು ಕಣ್ಣು ಮುಚ್ಚಿ ಚೀಟಿ ಎತ್ತಿದಷ್ಟೇ ಆಕಸ್ಮಿಕ. ಬಡವ, ಶ್ರೀಮಂತ, ಸಿಗರೇಟು ಸೇದುವವ, ಸೇದದವ ಎಂಬ ಲೆಕ್ಕ ಅಲ್ಲಿಲ್ಲ. ಐವತ್ತರಲ್ಲಿ ಬರುವ ಕಾಯಿಲೆ ಹುಟ್ಟುವಾಗ ಸಿಕ್ಕ ಜೀನನ್ನು ಬದಲಾಯಿಸಲಾರದು. ಹಾಗಾದರೆ ಎಲ್‌ಡಿಎಲ್ಲನ್ನು ಇಳಿಸುವ ಜೀನು ಸಿಕ್ಕವರನ್ನೂ ಸಿಗದವರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ನಿಸರ್ಗವೇ ಹುಟ್ಟಿನಿಂದ ನಡೆಸಿಕೊಂಡು ಬಂದ ಪ್ರಯೋಗದ ಫಲಿತಾಂಶ ಕಣ್ಣ ಮುಂದೆ ಇರುತ್ತದೆ. ಮೆಂಡಲನ ನಿಯಮವನ್ನು ಬಟಾಣಿ ಗಿಡಕ್ಕೆ ಅನ್ವಯಿಸಿ ಅಂಕ ಕೊಡುತ್ತಿದ್ದ ನನಗೆ ಅದನ್ನು ತಮ್ಮನ ರಿಪೋರ್ಟಿಗೆ ಅನ್ವಯಿಸಲು ಹೊಳೆಯಲಿಲ್ಲ.

2003ರಲ್ಲಿ ಫ್ರಾನ್ಸಿನ ಸಂಶೋಧಕರು ಪೀಳಿಗೆಯಿಂದ ಪೀಳಿಗೆಗೆ ಎಲ್‌ಡಿಎಲ್ ವಿಪರೀತ ಹೆಚ್ಚಿದ್ದ ಕೆಲವು ಕುಟುಂಬಗಳಲ್ಲಿ ಪಿಸಿಎಸ್‌ಕೆ9 ಎಂಬ ಜೀನಿನ ದೋಷವನ್ನು ಪತ್ತೆ ಹಚ್ಚಿದರು. ಈ ಜೀನಿನ ಕೆಲಸ ಆಗ ಹೊಸದಾಗಿ ಬೆಳಕಿಗೆ ಬರುತ್ತಿತ್ತು. ಯಕೃತ್ತಿನ ಜೀವಕೋಶಗಳ ಮೇಲೆ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳಿರುತ್ತವೆ. ಒಂದು ಗ್ರಾಹಕ ಕಣವನ್ನು ಒಳಗೆ ಬಿಟ್ಟು ಮತ್ತೆ ಮೇಲಕ್ಕೆ ಬಂದು ಇನ್ನೊಂದನ್ನು ಹಿಡಿಯುತ್ತದೆ. ಪಿಸಿಎಸ್‌ಕೆ9 ಪ್ರೋಟೀನು ಈ ಗ್ರಾಹಕಕ್ಕೆ ಅಂಟಿಕೊಂಡರೆ ಗ್ರಾಹಕ ಮೇಲಕ್ಕೆ ಬರುವುದಿಲ್ಲ, ಒಳಗೇ ನಾಶವಾಗುತ್ತದೆ. ಪ್ರೋಟೀನು ಅತಿಯಾಗಿ ಕೆಲಸ ಮಾಡಿದರೆ ಗ್ರಾಹಕಗಳು ಕಡಿಮೆಯಾಗಿ ರಕ್ತದಲ್ಲಿ ಎಲ್‌ಡಿಎಲ್ ಉಳಿದುಬಿಡುತ್ತದೆ.

ಅಮೆರಿಕದ ಡಲ್ಲಾಸಿನಲ್ಲಿ ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೊಹೆನ್ ಇದನ್ನೇ ತಿರುಗಿಸಿ ಕೇಳಿದರು. ಈ ಜೀನು ಕೆಟ್ಟು ಕೆಲಸ ನಿಲ್ಲಿಸಿದವರು ಯಾರಾದರೂ ಇದ್ದಾರೆಯೇ? ಇದ್ದರೆ ಅವರ ಎಲ್‌ಡಿಎಲ್ ಕಡಿಮೆ ಇರಬೇಕು. ತಮ್ಮ ಊರಿನ ಹೃದಯ ಅಧ್ಯಯನದಲ್ಲಿ ಸೇರಿದ್ದವರ ಪೈಕಿ ಎಲ್‌ಡಿಎಲ್ ತೀರಾ ಕಡಿಮೆ ಇದ್ದ 128 ಮಂದಿಯ ಜೀನನ್ನು ಅವರು ಓದಿದರು. ಪ್ರೋಟೀನಿನ ತಯಾರಿಯನ್ನು ಅರ್ಧಕ್ಕೇ ನಿಲ್ಲಿಸುವ ಎರಡು ರೂಪಾಂತರಗಳು ಸಿಕ್ಕವು. ಕಪ್ಪು ಜನಾಂಗದವರಲ್ಲಿ ಸುಮಾರು ನೂರಕ್ಕೆ ಇಬ್ಬರಿಗೆ ಇವುಗಳಲ್ಲಿ ಒಂದಿತ್ತು. ಇದು 2005ರಲ್ಲಿ ಪ್ರಕಟವಾಯಿತು.

ಎಲ್‌ಡಿಎಲ್ ಕಡಿಮೆ ಎಂದು ಗೊತ್ತಾದ ಮಾತ್ರಕ್ಕೆ ಹೃದಯಕ್ಕೆ ಒಳ್ಳೆಯದಾಯಿತು ಎಂದು ಸಾಬೀತಾಗುವುದಿಲ್ಲ. ಅದಕ್ಕಾಗಿ ಅವರು ಇನ್ನೊಂದು ದೊಡ್ಡ ಅಧ್ಯಯನದ ಕಡೆ ತಿರುಗಿದರು. ಅಲ್ಲಿ 45ರಿಂದ 64 ವರ್ಷದವರನ್ನು ಸೇರಿಸಿಕೊಂಡು ಹದಿನೈದು ವರ್ಷ ಹಿಂಬಾಲಿಸಲಾಗಿತ್ತು. ಅದರಲ್ಲಿದ್ದ 3363 ಕಪ್ಪು ಜನರಲ್ಲಿ 85 ಮಂದಿಗೆ ಕೆಲಸ ನಿಲ್ಲಿಸಿದ ಜೀನು ಇತ್ತು. ಅವರ ಸರಾಸರಿ ಎಲ್‌ಡಿಎಲ್ 100, ಉಳಿದವರದ್ದು 138. ಹದಿನೈದು ವರ್ಷದಲ್ಲಿ ಉಳಿದವರ ಪೈಕಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಕಾಣಿಸಿಕೊಂಡಿತು. ಆ ಲೆಕ್ಕದಲ್ಲಿ 85 ಮಂದಿಯಲ್ಲಿ ಎಂಟು ಜನರಿಗೆ ಬರಬೇಕಿತ್ತು. ಬಂದದ್ದು ಒಬ್ಬರಿಗೆ. ಇದನ್ನು ಓದುವಾಗ ನಾನು ಬಹಳ ಹೊತ್ತು ನಿಂತುಹೋದದ್ದು ಇನ್ನೊಂದು ಸಾಲಿನ ಹತ್ತಿರ. ಈ 85 ಮಂದಿ ಪಥ್ಯ ಮಾಡಿದವರಲ್ಲ. ಅವರಲ್ಲಿ ರಕ್ತದೊತ್ತಡ ಇದ್ದವರು, ಧೂಮಪಾನಿಗಳು, ಸಕ್ಕರೆ ಕಾಯಿಲೆಯವರೂ ಇದ್ದರು. ಸಿಗರೇಟು ಸೇದದ, ದಿನಾ ನಡೆಯುವ ನನ್ನ ತಮ್ಮನಿಗಿಂತ ಅವರ ಬದುಕು ಆರೋಗ್ಯಕರ ಎಂದು ಯಾರೂ ಹೇಳಲಾರರು.

85 ಮಂದಿ, ಒಂದೇ ಪ್ರಕರಣ. ಇಷ್ಟು ಸಣ್ಣ ಸಂಖ್ಯೆಯಿಂದ ಬಂದ ಶೇಕಡಾ 88ರ ಇಳಿಕೆಯನ್ನು ಅಕ್ಷರಶಃ ನಂಬಬಾರದು. ನಿಜವಾದ ಲಾಭ ಶೇಕಡಾ 20ರಷ್ಟೇ ಇದ್ದಿರಬಹುದು, 98 ಇದ್ದಿರಲೂಬಹುದು ಎಂದು ಅವರ ಲೆಕ್ಕವೇ ಹೇಳುತ್ತದೆ. ಅದೇ ಅಧ್ಯಯನದ ಬಿಳಿಯರಲ್ಲಿ ಇದೇ ಜೀನಿನ ಇನ್ನೊಂದು ಸೌಮ್ಯ ರೂಪ ಸಿಕ್ಕಿತು. ಅದು ನೂರಕ್ಕೆ ಮೂರು ಮಂದಿಯಲ್ಲಿತ್ತು, ಎಲ್‌ಡಿಎಲ್ಲನ್ನು ಶೇಕಡಾ 15ರಷ್ಟು ಮಾತ್ರ ಇಳಿಸುತ್ತಿತ್ತು. ಅಲ್ಲಿ ಕಾಯಿಲೆ ಶೇಕಡಾ 47ರಷ್ಟು ಕಡಿಮೆ. ಇಳಿಕೆ ಸಣ್ಣದಾದಾಗ ಲಾಭವೂ ಸಣ್ಣದಾಯಿತು, ಆದರೆ ದಿಕ್ಕು ಅದೇ.

ಇಲ್ಲೊಂದು ಪ್ರಶ್ನೆ ಏಳಬೇಕು. ಈ ಜೀನು ನಮಗೆ ಗೊತ್ತಿಲ್ಲದ ಬೇರೇನನ್ನೋ ಮಾಡಿ ಹೃದಯವನ್ನು ಕಾಪಾಡುತ್ತಿದ್ದರೆ? ಒಂದೇ ಜೀನನ್ನು ನೋಡಿದರೆ ಈ ಅನುಮಾನ ಹೋಗುವುದಿಲ್ಲ. 2012ರಲ್ಲಿ ಬ್ರಯಾನ್ ಫೆರೆನ್ಸ್ ಮತ್ತು ಸಂಗಡಿಗರು ಆರು ಬೇರೆ ಬೇರೆ ಜೀನುಗಳಲ್ಲಿನ ಒಂಬತ್ತು ರೂಪಾಂತರಗಳನ್ನು ಒಟ್ಟಿಗೆ ನೋಡಿದರು. ಒಂದೊಂದು ಜೀನೂ ಎಲ್‌ಡಿಎಲ್ಲನ್ನು ಒಂದೊಂದು ದಾರಿಯಿಂದ ಇಳಿಸುತ್ತದೆ. ದಾರಿ ಯಾವುದಾದರೂ ಇರಲಿ, ಇಳಿದ ಒಂದೊಂದು ಮಿಲಿಗ್ರಾಂಗೆ ಸಿಕ್ಕ ಲಾಭ ಹೆಚ್ಚುಕಡಿಮೆ ಒಂದೇ ಬಂತು. ಎಲ್‌ಡಿಎಲ್ ಸುಮಾರು 39ರಷ್ಟು ಇಳಿದರೆ ಕಾಯಿಲೆಯ ಸಂಭವ ಅರ್ಧಕ್ಕಿಂತ ತುಸು ಹೆಚ್ಚೇ ಇಳಿಯುತ್ತಿತ್ತು. ದಾರಿಗಳೆಲ್ಲ ಬೇರೆ, ಸಾಮಾನ್ಯವಾಗಿ ಇರುವುದು ಎಲ್‌ಡಿಎಲ್ ಒಂದೇ. ಇದನ್ನು ಕಾರಣ ಎನ್ನದೆ ಬೇರೇನು ಎನ್ನುವುದು?

ನನ್ನ ಸಲಹೆಯ ಮುಖ್ಯ ಆಧಾರ ತಮ್ಮನ ಒಳ್ಳೆಯ ಎಚ್‌ಡಿಎಲ್ ಆಗಿತ್ತು. ಇದೇ ಪರೀಕ್ಷೆಗೆ ಅದನ್ನೂ ಒಡ್ಡಿದ್ದಾರೆ. ಎಚ್‌ಡಿಎಲ್ಲನ್ನು ಮಾತ್ರ ಏರಿಸುವ ಜೀನಿನ ರೂಪವೊಂದು ಕೆಲವರಿಗೆ ಹುಟ್ಟಿನಿಂದ ಬರುತ್ತದೆ. ಎಚ್‌ಡಿಎಲ್ ನಿಜಕ್ಕೂ ಕಾಪಾಡುವುದಾದರೆ ಅವರಿಗೆ ಹೃದಯಾಘಾತ ಕಡಿಮೆಯಾಗಬೇಕಿತ್ತು. 2012ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಅದು ಕಡಿಮೆಯಾಗಲಿಲ್ಲ. ಎಚ್‌ಡಿಎಲ್ ಕಡಿಮೆ ಇದ್ದವರಿಗೆ ಅಪಾಯ ಹೆಚ್ಚು ಎಂಬ ಸೂಚನೆಯಾಗಿ ಆ ಅಂಕಿ ಈಗಲೂ ಬಳಕೆಯಲ್ಲಿದೆ. ಆದರೆ ಒಳ್ಳೆಯ ಎಚ್‌ಡಿಎಲ್ ಕೆಟ್ಟ ಎಲ್‌ಡಿಎಲ್ಲನ್ನು ಸರಿದೂಗಿಸುತ್ತದೆ ಎಂದು ನಾನು ನಂಬಿದ್ದಕ್ಕೆ ಬುಡವೇ ಇರಲಿಲ್ಲ.

ಇಷ್ಟೆಲ್ಲ ಓದಿದ ಮೇಲೂ ಒಂದು ವಿಷಯ ಕಾಡಿತು. ಸ್ಟಾಟಿನ್ ಪ್ರಯೋಗಗಳಲ್ಲಿ ಎಲ್‌ಡಿಎಲ್ ಸುಮಾರು 39 ಇಳಿದರೆ ಐದು ವರ್ಷಗಳಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳಂಥ ದೊಡ್ಡ ಅನಾಹುತಗಳು ಐದನೇ ಒಂದು ಪಾಲಿನಷ್ಟು ಕಡಿಮೆಯಾಗುತ್ತವೆ. ಹುಟ್ಟಿನಿಂದ ಅಷ್ಟೇ ಇಳಿದವರಿಗೆ ಅರ್ಧಕ್ಕಿಂತ ಹೆಚ್ಚು. ಯಾಕೆ ಇಷ್ಟು ಅಂತರ? ಒಂದು ಒರಟು ಲೆಕ್ಕ ಮಾಡಿ ನೋಡಿದೆ. ಎಲ್‌ಡಿಎಲ್ 138 ಇರುವವನು 55 ವರ್ಷ ಬದುಕಿದರೆ, ಅಂಕಿಯನ್ನು ವರ್ಷದಿಂದ ಗುಣಿಸಿದಾಗ 7590 ಬರುತ್ತದೆ. ಅವನು 50ಕ್ಕೆ ಮಾತ್ರೆ ಶುರು ಮಾಡಿ 100ಕ್ಕೆ ಇಳಿಸಿಕೊಂಡರೆ 55ರ ಹೊತ್ತಿಗೆ 7400. ಹುಟ್ಟಿನಿಂದಲೇ 100 ಇದ್ದವನಿಗೆ 5500. ರಕ್ತನಾಳದ ಗೋಡೆಯೊಳಗೆ ಎಲ್‌ಡಿಎಲ್ ಕಣಗಳು ನುಸುಳಿ ಸಿಕ್ಕಿಬೀಳುವುದು ನಿಧಾನವಾಗಿ ದಶಕಗಳ ಕಾಲ ನಡೆಯುವ ಕೆಲಸ. ಇವತ್ತಿನ ಅಂಕಿಯ ಜೊತೆಗೆ, ಅದು ಎಷ್ಟು ವರ್ಷದಿಂದ ಹಾಗಿದೆ ಎಂಬುದೂ ಅಷ್ಟೇ ಮುಖ್ಯ. ತಮ್ಮ ನನ್ನ ಹತ್ತಿರ ಬಂದದ್ದು ನಲವತ್ತೆರಡಕ್ಕೆ. ನಾನು ಅವನಿಂದ ಕಿತ್ತುಕೊಂಡದ್ದು ಆ ವರ್ಷಗಳನ್ನು.

ಎಲ್‌ಡಿಎಲ್ ತೀರಾ ಇಳಿದರೆ ಮಿದುಳಿಗೆ, ಹಾರ್ಮೋನುಗಳಿಗೆ ತೊಂದರೆ ಎಂಬ ಭಯವನ್ನೂ ನಾನು ಅವನ ಕಿವಿಗೆ ಹಾಕಿದ್ದೆ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪಿಸಿಎಸ್‌ಕೆ9 ಜೀನು ಪಡೆದ ಮಹಿಳೆಯೊಬ್ಬರನ್ನು ಡಲ್ಲಾಸಿನ ತಂಡ ಪರೀಕ್ಷಿಸಿತು. ಅವರ ಎಲ್‌ಡಿಎಲ್ 14. ಮೂವತ್ತು ದಾಟಿದ್ದ ಆಕೆ ಆರೋಗ್ಯವಾಗಿದ್ದರು, ಮಕ್ಕಳ ತಾಯಿಯಾಗಿದ್ದರು. ಒಬ್ಬರ ಉದಾಹರಣೆಯಿಂದ ಎಲ್ಲವೂ ತೀರ್ಮಾನವಾಗುವುದಿಲ್ಲ ನಿಜ. ಎಲ್‌ಡಿಎಲ್ ಇಳಿಸುವ ಕೆಲವು ಜೀನುಗಳಿರುವವರಲ್ಲಿ ಸಕ್ಕರೆ ಕಾಯಿಲೆ ಸ್ವಲ್ಪ ಹೆಚ್ಚು ಕಂಡಿದೆ, ಅದೂ ಮುಖ್ಯವಾಗಿ ಮೊದಲೇ ಸಕ್ಕರೆ ಅಂಚಿನಲ್ಲಿದ್ದವರಲ್ಲಿ. ಮಾತ್ರೆ ತಗೊಳ್ಳುವವರು ಡಾಕ್ಟರ ಹತ್ತಿರ ಇದನ್ನು ಕೇಳಿ ತಿಳಿದುಕೊಳ್ಳಬೇಕು. ಹೃದಯಕ್ಕೆ ಸಿಗುವ ಲಾಭದ ಮುಂದೆ ಅದು ಸಣ್ಣದು.

ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟೆ. ನಿಮ್ಮ ಮನೆಯಲ್ಲಿ ಗಂಡಸರಿಗೆ 55ಕ್ಕೆ ಮೊದಲು, ಹೆಂಗಸರಿಗೆ 65ಕ್ಕೆ ಮೊದಲು ಹೃದಯಾಘಾತ ಆಗಿದ್ದರೆ, ಅವರ ಒಡಹುಟ್ಟಿದವರಿಗೂ ಮಕ್ಕಳಿಗೂ ಈಗಲೇ ಲಿಪಿಡ್ ಪರೀಕ್ಷೆ ಮಾಡಿಸಿ. ಎಲ್‌ಡಿಎಲ್ 190 ದಾಟಿದ್ದರೆ ಅದು ವಂಶದಲ್ಲೇ ಹರಿದು ಬಂದದ್ದಿರಬಹುದು, ಹೃದಯ ತಜ್ಞರನ್ನು ಕಾಣಿ. ಮಾತ್ರೆ ಬೇಕೋ ಬೇಡವೋ ಎಂಬುದನ್ನು ಅವರ ಜೊತೆ ಕೂತು ನಿರ್ಧರಿಸಿ, ಮನೆಯಲ್ಲಿ ನಾಲ್ಕು ಪುಸ್ತಕ ಓದಿದವರ ಮಾತು ಕೇಳಿ ಅಲ್ಲ.